ಶೆಟ್ಟಿಹಳ್ಳಿ ಕಡೆಯ ಎರಡು ಬೆಡ್‌ರೂಮಿನ ಬಾಡಿಗೆ ಮನೆ: ರಿಪೇರಿ, ಅಡ್ವಾನ್ಸ್ ಮತ್ತು ನೋಟಿಸ್ ಕುರಿತು

ತುಮಕೂರಿನ ಶೆಟ್ಟಿಹಳ್ಳಿ ಕಡೆಯ ಒಂದು ಅಡ್ಡರಸ್ತೆಯಲ್ಲಿರುವ ಮೂರು ಅಂತಸ್ತಿನ ಕಟ್ಟಡದ ಎರಡನೇ ಮಹಡಿಯಲ್ಲಿ ನಾವು ಮೂರೂವರೆ ವರ್ಷಕ್ಕೂ ಮಿಕ್ಕಿ ಬಾಡಿಗೆಗಿದ್ದು, ಈಚೆಗೆ ಖಾಲಿ ಮಾಡಿದ್ದೇವೆ. ಮಾಲೀಕರು ಕೆಳಮನೆಯಲ್ಲೇ ವಾಸವಾಗಿದ್ದಾರೆ. ಗಾಳಿ, ಬೆಳಕು, ನೀರಿನ ವಿಷಯದಲ್ಲಿ ಮನೆ ಒಳ್ಳೆಯದು. ನಗರಪಾಲಿಕೆಯ ನೀರು ಬಾರದ ದಿನ ಬೋರ್‌ವೆಲ್ ನೀರು ಬರುತ್ತದೆ. ಅದು ಗಡಸು ನೀರಾದ್ದರಿಂದ ನಲ್ಲಿಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆದರೆ ಮುಂದೆ ಈ ಮನೆಗೆ ಬರುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅಡ್ವಾನ್ಸ್ ಹಣ ಹಿಂತಿರುಗುವ ಬಗೆಯನ್ನು. ಈ ಮನೆಯಲ್ಲಿ ಅದು ರಿಪೇರಿಯ ಕಥೆಯೊಂದಿಗೆ ಹೆಣೆದುಕೊಂಡಿದೆ.

ಮಾಲೀಕರು ರಿಪೇರಿಗಳನ್ನು ಎರಡು ಬಗೆಯಾಗಿ ಕಾಣುತ್ತಾರೆ. ಮೋಟಾರ್ ಸುಟ್ಟರೆ, ಮೆಟ್ಟಿಲಿನ ದೀಪ ಹೋದರೆ, ಮೇಲಿನ ಟ್ಯಾಂಕಿನ ಫ್ಲೋಟ್ ಕೆಟ್ಟರೆ ಅದೇ ದಿನ ಆಳು ಕರೆಸುತ್ತಾರೆ, ಏಕೆಂದರೆ ಅದರ ತೊಂದರೆ ಅವರ ಮನೆಗೂ ತಟ್ಟುತ್ತದೆ. ಬಾಡಿಗೆದಾರರ ಗೋಡೆಯೊಳಗಿನ ತೊಂದರೆಗೆ ಮಾತ್ರ ಅಷ್ಟು ಬೇಗ ಸ್ಪಂದಿಸುವುದಿಲ್ಲ. ಮೊದಲ ಮಳೆಗಾಲದಲ್ಲೇ ಬಾತ್‌ರೂಮಿಗೆ ಅಂಟಿದ ಬೆಡ್‌ರೂಮಿನ ಗೋಡೆಯಲ್ಲಿ, ನೆಲದಿಂದ ಸುಮಾರು ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ, ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಉದುರತೊಡಗಿತು. ತಿಳಿಸಿದಾಗ "ಗೋಡೆ ಅಂದಮೇಲೆ ಸ್ವಲ್ಪ ತೇವ ಇರುತ್ತೆ ಸಾರ್, ಮಳೆಗಾಲ ಮುಗೀಲಿ" ಎಂದರು. ಮಳೆ ನಿಂತ ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿಸಿದರು. ಕೆಲವೇ ತಿಂಗಳಲ್ಲಿ ಅದೇ ಜಾಗ ಮತ್ತೆ ಉಬ್ಬಿತು. ಆಗ ಮಳೆಯಿರಲಿಲ್ಲ.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ನಮ್ಮ ಪರಿಚಯದ ಪ್ಲಂಬರ್ ಹೇಳಿಕೊಟ್ಟ ವಿಧಾನ ಸರಳವಾಗಿತ್ತು. ಬಾತ್‌ರೂಮಿಗೆ ನೀರು ಹೋಗುವ ವಾಲ್ವ್ ಸದಾ ತೆರೆದಿದ್ದು, ಯಾರೂ ಸ್ನಾನ ಮಾಡದ ದಿನಗಳಲ್ಲೂ ಗೋಡೆ ಹಸಿಯಾಗಿಯೇ ಇದ್ದರೆ ದೋಷ ಗೋಡೆಯೊಳಗಿನ ನೀರಿನ ಪೈಪಿನದು. ಬಳಸದ ದಿನಗಳಲ್ಲಿ ಗೋಡೆ ಆರುತ್ತಾ ಬಂದು, ಸ್ನಾನ ಶುರುವಾದ ಮೇಲೆ ಮತ್ತೆ ಹಸಿಯಾದರೆ ದೋಷ ನೆಲದಲ್ಲಿ, ಅಂದರೆ ಟೈಲ್ಸ್ ಸಂದಿನಲ್ಲೋ ನೀರು ಹೊರಹೋಗುವ ಟ್ರ್ಯಾಪ್ ಸುತ್ತಲೋ ಇದೆ. ನಾವು ಹಬ್ಬಕ್ಕೆ ಊರಿಗೆ ಹೋಗಿ ಬಂದಾಗ ಗೋಡೆ ಬಹುಮಟ್ಟಿಗೆ ಆರಿತ್ತು. ಬಂದ ಕೆಲವು ದಿನಗಳಲ್ಲಿ ಮತ್ತೆ ಕಪ್ಪಾಯಿತು. ಎರಡೂ ಸ್ಥಿತಿಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿ, ಬಾತ್‌ರೂಮ್ ಬಾಗಿಲಿನ ಚೌಕಟ್ಟಿನ ಬುಡವೂ ಮೆತ್ತಗಾಗುತ್ತಿದೆ ಎಂದು ಅದೇ ಸಂದೇಶದಲ್ಲಿ ಬರೆದೆ. ಕೊನೆಗೆ ಅವರು ಟ್ರ್ಯಾಪ್ ಸುತ್ತಲಿನ ಟೈಲ್ಸ್ ಒಡೆಸಿ, ಜೋಡಣೆ ಸರಿಪಡಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ ಹೊಸ ಟೈಲ್ಸ್ ಹಾಕಿಸಿದರು. ಖರ್ಚನ್ನೆಲ್ಲ ಅವರೇ ಭರಿಸಿದರು, ಅದನ್ನು ಒಪ್ಪಿಕೊಳ್ಳಲೇಬೇಕು. ಆ ಬಳಿಕ ಗೋಡೆ ಒಣಗಿತು. ಮರದ ಚೌಕಟ್ಟನ್ನು ಮಾತ್ರ ಹಾಗೆಯೇ ಬಿಟ್ಟರು.

ಒಪ್ಪಂದ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲೆಡೆ ಇರುವ ರೂಢಿಯೇ ಇಲ್ಲಿಯೂ ಇದೆ. ಪ್ರತಿ ನವೀಕರಣಕ್ಕೆ 500 ರೂಪಾಯಿ ಏರುತ್ತಾ ಬಾಡಿಗೆ 8,500ರಿಂದ 10,000 ರೂಪಾಯಿಗೆ ಬಂದಿತ್ತು. ಮೊದಲೇ ಕೊಟ್ಟಿದ್ದ 70,000 ರೂಪಾಯಿ ಅಡ್ವಾನ್ಸನ್ನು ಅವರು ಹೆಚ್ಚಿಸಲಿಲ್ಲ. ನೋಟಿಸ್ ಅವಧಿ ಎರಡು ತಿಂಗಳು. ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮು 15 ದಿನದ ನೋಟಿಸ್ ಹೇಳುತ್ತದೆ ಎಂಬುದನ್ನು ಹಿಡಿದು ವಾದಿಸಿ ಪ್ರಯೋಜನವಿಲ್ಲ. ಒಪ್ಪಂದದಲ್ಲಿ ಬೇರೆ ಅವಧಿ ಇಲ್ಲದಿದ್ದಾಗ ಮಾತ್ರ ಆ ನಿಯಮ ಅನ್ವಯಿಸುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಇವರು ನೋಟಿಸನ್ನು ಒಂದನೇ ತಾರೀಖಿನಿಂದ ಲೆಕ್ಕ ಹಾಕುತ್ತಾರೆ. ಐದನೇ ತಾರೀಖು ತಿಳಿಸಿದರೆ ಆ ತಿಂಗಳು ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ಒಂದರಿಂದ ಎರಡು ತಿಂಗಳು ಬಾಡಿಗೆ ಕೊಡಬೇಕಾಗುತ್ತದೆ. ಒಪ್ಪಂದದಲ್ಲಿ ಈ ಮಾತು ಚಿಕ್ಕದಾಗಿ ಬರೆದಿದೆ. ನಮ್ಮ ಪಕ್ಕದ ಮನೆಯವರು ಇದನ್ನು ಬಿಡುವಾಗಷ್ಟೇ ತಿಳಿದರು. ನಾವು ತಿಂಗಳ ಕೊನೆಯ ವಾರದಲ್ಲೇ ಬರೆದು ಕೊಟ್ಟು, ಪ್ರತಿಯ ಮೇಲೆ ಅವರ ಸಹಿ ಪಡೆದಿದ್ದೆವು. ಕಡೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲು ಅವರು ಒಪ್ಪುವುದಿಲ್ಲ.

ಮನೆ ಬಿಡುವ ವಾರದಲ್ಲಿ ಅವರು ಒಂದು ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರು. ಬಣ್ಣಕ್ಕೆ 10,000, ಬಾತ್‌ರೂಮ್ ಬಾಗಿಲು ಮತ್ತು ಚೌಕಟ್ಟಿಗೆ 4,500, ಅಡುಗೆಮನೆಯ ನಲ್ಲಿಗೆ 800, ಸಾಮಾನ್ಯ ಮೋಟಾರ್ ಹಾಗೂ ಮೆಟ್ಟಿಲಿನ ದೀಪದ ಪಾಲು 990, ಒಟ್ಟು 16,290 ರೂಪಾಯಿ ಕಡಿತ. ಬಣ್ಣದ ಹಣಕ್ಕೆ ನಾವು ತಕರಾರು ಮಾಡಲಿಲ್ಲ, ಏಕೆಂದರೆ "ಖಾಲಿ ಮಾಡುವಾಗಿನ ಒಂದು ತಿಂಗಳ ಬಾಡಿಗೆ" ಎಂದೇ ಒಪ್ಪಂದದಲ್ಲಿತ್ತು. ಆದರೆ ಬಾಡಿಗೆ ಏರಿದಂತೆ ಈ ಕಡಿತವೂ ಏರುತ್ತದೆ ಎಂಬುದನ್ನು ಬರುವವರು ಗಮನಿಸಬೇಕು. ಸಹಿ ಹಾಕುವ ಮುನ್ನ ಅಲ್ಲಿ ನಿಗದಿತ ಮೊತ್ತವನ್ನೇ ಬರೆಸಿಕೊಳ್ಳುವುದು ಲೇಸು. 1,000 ರೂಪಾಯಿಯೊಳಗಿನ ರಿಪೇರಿ ಬಾಡಿಗೆದಾರರದೇ ಎಂದಿದ್ದುದರಿಂದ ನಲ್ಲಿಯ ಹಣವನ್ನೂ ಒಪ್ಪಿದೆವು, ಅದು ಕೆಟ್ಟದ್ದು ಗಡಸು ನೀರಿನಿಂದಲೇ ಆಗಿದ್ದರೂ.

ಬಾಗಿಲಿನ ವಿಷಯವನ್ನು ಮಾತ್ರ ಬಿಡಲಿಲ್ಲ. ಮರ ಕೊಳೆತದ್ದು ನೆಲದ ಸೋರಿಕೆಯಿಂದ. ಅದನ್ನು ನಾವು ಆಗಲೇ ತಿಳಿಸಿದ್ದೆವು, ಅವರು ನೋಡಿಯೂ ಇದ್ದರು. ಫೋಟೋ ಸಹಿತ ಹಳೆಯ ಸಂದೇಶವನ್ನು ತಾರೀಖಿನೊಂದಿಗೆ ತೋರಿಸಿ, "ಇದು ನಮ್ಮ ಬಳಕೆಯಿಂದ ಆದ ಹಾನಿಯಲ್ಲ ಸಾರ್, ಸೋರುವುದನ್ನು ತಡವಾಗಿ ನಿಲ್ಲಿಸಿದ್ದರಿಂದ ಆದದ್ದು" ಎಂದೆ. ಅವರು ಒಂದೆರಡು ದಿನ ಯೋಚಿಸಿ, ಆ ಸಾಲನ್ನು ಚೀಟಿಯಿಂದ ಹೊಡೆದುಹಾಕಿದರು. ಬಾಯಿಮಾತಿನಲ್ಲಷ್ಟೇ ದೂರು ಹೇಳಿದ್ದರೆ ಈ 4,500 ರೂಪಾಯಿ ಖಂಡಿತ ಹೋಗುತ್ತಿತ್ತು. ಈ ಮನೆಯಲ್ಲಿ ಯಾವುದೇ ದೂರನ್ನು ಮೊದಲು ಎದುರಿಗೆ ಹೇಳಿ, ಅದೇ ಸಂಜೆ ಬರೆದೂ ಕಳಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಉಳಿದ 58,210 ರೂಪಾಯಿ ಒಂದೇ ಸಲ ಕೈಸೇರಲಿಲ್ಲ. ಕೀಲಿ ಕೊಡುವಾಗಲೇ ಹಣ ಹಿಂತಿರುಗಿಸಬೇಕು ಎಂದು ಒಪ್ಪಂದದಲ್ಲಿದ್ದರೂ, ಹೊಸಬರ ಅಡ್ವಾನ್ಸ್ ಬಂದ ಮೇಲೆ ಹಳಬರಿಗೆ ಕೊಡುವುದು ಇವರ ಪದ್ಧತಿ. ಇದು ಮೋಸವೆಂದು ನಾನು ಹೇಳುವುದಿಲ್ಲ, ಆದರೆ ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕಾದವರಿಗೆ ಇದು ನಿಜವಾದ ಕಷ್ಟ. ನಮಗೆ ಕೀಲಿ ಒಪ್ಪಿಸಿದ ದಿನ 40,000 ಕೊಟ್ಟು, ಉಳಿದ 18,210ಕ್ಕೆ ತಾರೀಖು ಹಾಕಿ ಬರೆದುಕೊಟ್ಟರು. ಹೇಳಿದ ದಿನಕ್ಕಿಂತ ಸ್ವಲ್ಪ ತಡವಾಗಿಯಾದರೂ ಪೂರ್ತಿ ಹಣ ಖಾತೆಗೆ ಬಂತು. ನೋಟಿಸ್ ಅವಧಿಯಲ್ಲಿ ಮನೆ ನೋಡಲು ಬಂದವರಿಗೆ ನಾವು ಸಂಜೆ ಹೊತ್ತು ತೋರಿಸುತ್ತಿದ್ದುದು ಹಣ ಬೇಗ ಬರಲು ನೆರವಾಯಿತು. ಬಿಡುವ ಮುನ್ನ ಗೃಹಜ್ಯೋತಿಗಾಗಿ ಆ ಮೀಟರಿಗೆ ಜೋಡಿಸಿದ್ದ ನಮ್ಮ ಆಧಾರನ್ನು ಬಿಡಿಸಿಕೊಂಡೆವು. ಹಾಗೆ ಮಾಡದೆ ಹೋದರೆ ಮುಂದೆ ಬರುವವರಿಗೆ ತೊಂದರೆಯಾಗುತ್ತದೆ.

ಮನೆ ನೋಡಲು ಹೋಗುವವರು ಬೆಡ್‌ರೂಮಿನ ಗೋಡೆಯ ಬಗ್ಗೆ ಈಗ ಚಿಂತಿಸಬೇಕಿಲ್ಲ. ಅಡುಗೆಮನೆಯ ಸಿಂಕ್ ಕೆಳಗಿನ ಮೂಲೆಯನ್ನು ಮಾತ್ರ ಕೈಯಿಟ್ಟು ನೋಡಿ. ನಾವು ಬಿಡುವ ಹೊತ್ತಿಗೆ ಅಲ್ಲಿ ತೇವ ಕಾಣತೊಡಗಿತ್ತು ಮತ್ತು ಅದನ್ನು ಮಾಲೀಕರಿಗೆ ತಿಳಿಸಿಯೇ ಬಂದಿದ್ದೇವೆ. ಅದು ಸರಿಯಾಗಿರದಿದ್ದರೆ, ಬಾತ್‌ರೂಮ್ ಚೌಕಟ್ಟಿನ ಸ್ಥಿತಿಯೊಂದಿಗೆ ಅದನ್ನೂ ಒಪ್ಪಂದದಲ್ಲಿ ಬರೆಸಿ, ಆಮೇಲೆ ಅಡ್ವಾನ್ಸ್ ಕೊಡಿ.