`|=` ಬಳಸಿ ಫ್ಲ್ಯಾಗ್ ಅಳಿಸುವ ಡ್ರೈವರ್‌ಗಳ ಬಗ್ಗೆ ಎಚ್ಚರಿಕೆ

STM32F103 ಚಿಪ್‌ಗೆ ಬೇರೊಬ್ಬರು ಬರೆದಿದ್ದ ಒಂದು ಡ್ರೈವರ್ ನಮ್ಮ ಕೈಗೆ ಬಂದಿತ್ತು. ಎರಡು ನೀರಿನ ಮೀಟರ್‌ಗಳ ಪಲ್ಸ್‌ಗಳನ್ನು ಎಣಿಸುವುದು ಅದರ ಕೆಲಸ. ಒಂದೊಂದೇ ಮೀಟರ್ ಜೋಡಿಸಿ ನೋಡಿದಾಗ ಲೆಕ್ಕ ಸರಿಯಾಗಿರುತ್ತಿತ್ತು. ಎರಡೂ ಒಟ್ಟಿಗೆ ಓಡಿದಾಗ ಮಾತ್ರ ಎರಡನೆಯದರ ಲೆಕ್ಕ ಆಗಾಗ ಕಡಿಮೆ ಬರುತ್ತಿತ್ತು. ವೈರು, ಕನೆಕ್ಟರ್, ಸೆನ್ಸರ್ ಎಲ್ಲವನ್ನೂ ಬದಲಾಯಿಸಿದರೂ ಫಲ ಸಿಗಲಿಲ್ಲ. ದೋಷವಿದ್ದದ್ದು ಈ ಸಾಲಿನಲ್ಲಿ:

```c
EXTI->PR |= EXTI_PR_PR5;
```

ಯಾವ ಲೈನ್‌ನಲ್ಲಿ ಪಲ್ಸ್ ಬಂದಿದೆ ಎಂದು ತೋರಿಸುವ ಈ ರಿಜಿಸ್ಟರ್‌ನ ಬಿಟ್‌ಗಳ ಕೆಳಗೆ ರೆಫರೆನ್ಸ್ ಮ್ಯಾನ್ಯುಯಲ್ RM0008ರಲ್ಲಿ `rc_w1` ಎಂದು ಸಣ್ಣದಾಗಿ ಮುದ್ರಿಸಿದ್ದಾರೆ. 1 ಬರೆದರೆ ಬಿಟ್ ಅಳಿಯುತ್ತದೆ, 0 ಬರೆದರೆ ಏನೂ ಆಗುವುದಿಲ್ಲ ಎಂದು ಇದರ ಅರ್ಥ. ಎರಡು ಮೀಟರ್‌ಗಳನ್ನು ಜೋಡಿಸಿದ್ದ 5 ಮತ್ತು 6ನೇ ಲೈನ್‌ಗಳೆರಡಕ್ಕೂ ಇರುವುದು `EXTI9_5_IRQHandler` ಎಂಬ ಒಂದೇ ಹ್ಯಾಂಡ್ಲರ್. ಎರಡೂ ಪಲ್ಸ್ ಒಟ್ಟಿಗೆ ಬಂದಾಗ ರಿಜಿಸ್ಟರ್‌ನಲ್ಲಿ `0x60` ಇರುತ್ತದೆ. ಮೇಲಿನ ಸಾಲು ಅದನ್ನು ಓದಿ, `0x20` ಸೇರಿಸಿ, ಮತ್ತೆ `0x60` ಅನ್ನೇ ಬರೆಯುವುದರಿಂದ ಎರಡು ಬಿಟ್‌ಗಳೂ ಅಳಿಯುತ್ತವೆ. ಹ್ಯಾಂಡ್ಲರ್ ಮುಂದೆ 6ನೇ ಬಿಟ್ ನೋಡುವಷ್ಟರಲ್ಲಿ ಅಲ್ಲಿ ಸೊನ್ನೆ ಇರುತ್ತದೆ. ಆ ಪಲ್ಸ್ ಲೆಕ್ಕಕ್ಕೆ ಸಿಗುವುದೇ ಇಲ್ಲ.

ನಿಮ್ಮ ಡ್ರೈವರ್‌ನಲ್ಲಿ ಇದೇ ದೋಷವಿದೆಯೇ ಎಂದು ತಿಳಿಯಲು ಒಂದೇ ಸಿಗ್ನಲ್ ಅನ್ನು ಎರಡೂ ಪಿನ್‌ಗಳಿಗೆ ಕೊಟ್ಟು ನೋಡಿ. ಮೊದಲ ಲೆಕ್ಕ ಏರುತ್ತಾ ಎರಡನೆಯದು ಹೆಚ್ಚುಕಡಿಮೆ ನಿಂತೇ ಇದ್ದರೆ ಸಂಶಯಕ್ಕೆ ಎಡೆಯಿಲ್ಲ. ಪರಿಹಾರವೆಂದರೆ ಓದದೆ ನೇರವಾಗಿ ಬರೆಯುವುದು:

```c
EXTI->PR = EXTI_PR_PR5;
```

ಆದರೆ ಇದೇ ರೂಢಿಯನ್ನು ಟೈಮರ್‌ಗೂ ಒಯ್ಯಬೇಡಿ. ಅದೇ ಚಿಪ್‌ನ `TIM2->SR` ಬಿಟ್‌ಗಳು `rc_w0`, ಅಂದರೆ ಅಲ್ಲಿ ಅಳಿಸುವುದು 0. ಆದ್ದರಿಂದ ಅಲ್ಲಿ `TIM2->SR = ~TIM_SR_UIF;` ಎಂದು ಬರೆಯಬೇಕು. `&=` ಬಳಸಿದರೆ ಓದುವುದಕ್ಕೂ ಬರೆಯುವುದಕ್ಕೂ ನಡುವೆ ಎದ್ದ ಬೇರೆ ಫ್ಲ್ಯಾಗ್ ಅಳಿದುಹೋಗಬಹುದು. ಒಂದೇ ಚಿಪ್‌ನೊಳಗೆ ಹೀಗೆ ಎರಡು ವಿರುದ್ಧ ಕ್ರಮಗಳಿರುವುದರಿಂದ, ಪ್ರತಿ ರಿಜಿಸ್ಟರ್‌ನ ಚಿತ್ರದ ಕೆಳಗಿನ ಅಕ್ಷರಗಳನ್ನು ಓದದೆ ಬೇರೆ ದಾರಿಯಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಡ್ರೈವರ್ PC13 ಪಿನ್ ಅನ್ನು ಹೈ ಮಾಡಿ ಎಲ್‌ಇಡಿ ಬೆಳಗಿಸುತ್ತಿತ್ತು. ವಿದ್ಯುತ್ ಮಿತಿಗಳು ಮ್ಯಾನ್ಯುಯಲ್‌ನಲ್ಲಿಲ್ಲ, ಪ್ರತ್ಯೇಕವಾದ ಡೇಟಾಶೀಟ್‌ನಲ್ಲಿವೆ. ಅಲ್ಲಿನ ಗರಿಷ್ಠ ಮಿತಿಗಳ ಕೋಷ್ಟಕದಲ್ಲಿ ಒಂದು ಪಿನ್‌ಗೆ 25 mA ಎಂದಿರುವುದನ್ನು ನೋಡಿ ಹಲವರು ನೆಮ್ಮದಿಯಾಗಿಬಿಡುತ್ತಾರೆ. ಅದು ಚಿಪ್ ಕೆಡದೆ ತಾಳಬಲ್ಲ ಅಂಚೇ ಹೊರತು ದಿನವೂ ಬಳಸಬೇಕಾದ ಅಂಕಿಯಲ್ಲ. ಮೇಲಾಗಿ ಪಿನ್ ಪಟ್ಟಿಯ ಅಡಿಟಿಪ್ಪಣಿಯ ಪ್ರಕಾರ PC13, PC14, PC15 ಪಿನ್‌ಗಳಿಗೆ ವಿದ್ಯುತ್ ಬರುವುದು ಒಳಗಿನ ಒಂದು ಸ್ವಿಚ್ ಮೂಲಕ. ಆ ಸ್ವಿಚ್ ತಾಳಬಲ್ಲದ್ದು 3 mA ಮಾತ್ರ. ಈ ಪಿನ್‌ಗಳಿಂದ ಎಲ್‌ಇಡಿಗೆ ಕರೆಂಟ್ ಒದಗಿಸಲೇಬಾರದು. ಎಲ್‌ಇಡಿಯನ್ನು ಬೇರೆ ಪಿನ್‌ಗೆ ವರ್ಗಾಯಿಸಿ, ಡ್ರೈವರ್‌ನಲ್ಲಿ ಆ ಪಿನ್‌ನ ಹೆಸರನ್ನು ಬದಲಾಯಿಸಿದೆವು.