ಆಪ್ ಆಂಪ್‌ನಲ್ಲಿ ಕಟ್ಟಿದ ಪಿಐಡಿ ಬೋರ್ಡ್: ಮೂರು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಮಂಗಳೂರಿನ ನಮ್ಮ ಮನೆಯ ವರ್ಕ್‌ಶಾಪ್‌ನಲ್ಲಿ ಒಂದು ಅಲ್ಯೂಮಿನಿಯಂ ಬ್ಲಾಕ್ ಇದೆ. ಅದನ್ನು 60 ಡಿಗ್ರಿಯಲ್ಲಿ ಹಿಡಿದಿಟ್ಟು ಬೇರೆ ಸೆನ್ಸರ್‌ಗಳನ್ನು ಅದರ ಜೊತೆ ಹೋಲಿಸಿ ನೋಡುತ್ತೇನೆ. ಬಿಸಿಯನ್ನು ಹಿಡಿದಿಡುವ ಕೆಲಸಕ್ಕೆ ಆಪ್ ಆಂಪ್ ಎಂಬ ಆಂಪ್ಲಿಫೈಯರ್ ಚಿಪ್‌ಗಳಿಂದಲೇ ಒಂದು ಪಿಐಡಿ ಬೋರ್ಡ್ ಕಟ್ಟಿದೆ. ಅದು ಮೂರು ವರ್ಷದಿಂದ ಓಡುತ್ತಿದೆ.

ಒಳಗಿರುವುದು ಇಷ್ಟೇ. ಎಲ್ಎಂ35 ಸೆನ್ಸರ್ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಮೊದಲ ಆಪ್ ಆಂಪ್ ಬೇಕಾದ ಬಿಸಿಯಿಂದ ಇರುವ ಬಿಸಿಯನ್ನು ಕಳೆದು, ಉಳಿದದ್ದನ್ನು ಹತ್ತು ಪಟ್ಟು ಮಾಡುತ್ತದೆ. ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ 100 ಮಿಲಿವೋಲ್ಟ್ ಎರರ್. ಆ ಎರರ್ ಪಿ, ಐ, ಡಿ ಎಂಬ ಮೂರು ದಾರಿ ಹಿಡಿಯುತ್ತದೆ. ಪಿ ಈಗಿನ ಎರರ್‌ಗೆ ತಕ್ಕಷ್ಟು ಕೊಡುತ್ತದೆ, ಐ ಎರರನ್ನು ಹೊತ್ತು ಕಳೆದಂತೆ ಕೂಡಿಸುತ್ತ ಹೋಗುತ್ತದೆ, ಡಿ ಎರರ್ ಬದಲಾಗುವ ವೇಗ ನೋಡುತ್ತದೆ. ಕೊನೆಯ ಆಪ್ ಆಂಪ್ ಮೂರನ್ನೂ ಕೂಡಿಸಿ ಟ್ರಾನ್ಸಿಸ್ಟರ್ ಮೂಲಕ ಹೀಟರ್ ನಡೆಸುತ್ತದೆ.

ರೆಸಿಸ್ಟರ್, ಕೆಪಾಸಿಟರ್‌ಗಳ ಅಳತೆಗಳನ್ನು ಸುಮ್ನೆ ಊಹಿಸಿ ಹಾಕಿದ್ದಲ್ಲ. 1942ರ ಝೀಗ್ಲರ್-ನಿಕೋಲ್ಸ್ ವಿಧಾನ ಹಿಡಿದೆ. ಐ, ಡಿ ಎರಡನ್ನೂ ಬಿಡಿಸಿಟ್ಟು, ಬಿಸಿ ಒಂದೇ ಸಮ ಮೇಲೆ ಕೆಳಗೆ ತೂಗಾಡುವವರೆಗೆ ಪಿ ಗೇನ್ ಏರಿಸಿದೆ. ಗೇನ್ 20ಕ್ಕೆ ಬಂದಾಗ ತೂಗಾಟ ಸ್ಥಿರವಾಯಿತು, ಅಂದರೆ ಹೆಚ್ಚದೆ ಕುಗ್ಗದೆ ಒಂದೇ ಅಳತೆಯಲ್ಲಿ ನಡೆಯಿತು. ಒಂದು ಸುತ್ತಿಗೆ 40 ಸೆಕೆಂಡ್. ಆ ಲೆಕ್ಕದಲ್ಲಿ ಗೇನ್ 12, ಐ ಸಮಯ 20 ಸೆಕೆಂಡ್, ಡಿ ಸಮಯ 5 ಸೆಕೆಂಡ್. ಗೇನ್ 12 ಅನ್ನು ಕೊನೆಯ ಹಂತದಲ್ಲಿ 120 ಕಿಲೋ ಓಮ್ ಮತ್ತು 10 ಕಿಲೋ ಓಮ್‌ಗಳಿಂದ ಪಡೆದೆ. ಉಳಿದವು ಹೀಗೆ:

```
I: 9.1 MΩ × 2.2 µF = 20 s
D: 2.2 MΩ × 2.2 µF = 4.8 s
```

ಡಿ ಕೆಪಾಸಿಟರ್ ಜೊತೆ ಸರಣಿಯಲ್ಲಿ 220 ಕಿಲೋ ಓಮ್ ಹಾಕಲೇಬೇಕು. ಅದಿಲ್ಲದೆ ಪಕ್ಕದಲ್ಲಿ ಒಂದು ಸ್ವಿಚ್ ಒತ್ತಿದರೂ ಔಟ್‌ಪುಟ್ ಹಾರುತ್ತಿತ್ತು. ಈಗ ಡಿ ಹಂತದ ಗೇನ್ ಹತ್ತಕ್ಕಿಂತ ಮೇಲೆ ಹೋಗುವುದಿಲ್ಲ.

ನಾನು ಸೋತದ್ದು ಐ ಹಂತದಲ್ಲಿ. ಮೊದಲು ಡಬ್ಬಿಯಲ್ಲಿದ್ದ 741 ಚಿಪ್ ಹಾಕಿದ್ದೆ. ಬ್ಲಾಕ್ 53 ಡಿಗ್ರಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ತೂಗಾಟ ಇಲ್ಲ, ಏನೂ ಇಲ್ಲ. ಐ ಇರುವುದೇ ಎರರ್ ಸೊನ್ನೆ ಮಾಡಲು ಅಲ್ವಾ? ಮೀಟರ್ ಹಿಡಿದರೆ ಎರರ್ 0.7 ವೋಲ್ಟ್. ಕಾರಣ ಇಷ್ಟು: ಒಂದು ಡಿಗ್ರಿ ಎರರ್ 9.1 ಮೆಗಾ ಓಮ್ ಮೂಲಕ ಕಳಿಸುವ ಕರೆಂಟ್ ಬರೀ 11 ನ್ಯಾನೋ ಆಂಪಿಯರ್. 741ರ ಇನ್‌ಪುಟ್ ತಾನೇ ಸುಮಾರು 80 ನ್ಯಾನೋ ಆಂಪಿಯರ್ ಎಳೆಯುತ್ತದೆ. ಆ ಎಳೆತವನ್ನು ತುಂಬಲು ಏಳು ಡಿಗ್ರಿ ಎರರ್ ಉಳಿಯಲೇಬೇಕು. ಜೆಫೆಟ್ ಇನ್‌ಪುಟ್ ಇರುವ ಟಿಎಲ್074 ಹಾಕಿದೆ. ಅದು ಎಳೆಯುವುದು ಪಿಕೋ ಆಂಪಿಯರ್‌ಗಳಲ್ಲಿ. ಬ್ಲಾಕ್ 60ಕ್ಕೆ ಬಂದು ಕೂತಿತು.

200 ಕಿಲೋ ಓಮ್ ಜೊತೆ 100 ಮೈಕ್ರೋಫ್ಯಾರಡ್ ಹಾಕಿದರೂ 20 ಸೆಕೆಂಡೇ ಬರುತ್ತದೆ, 741 ಕೂಡ ನಡೆಯುತ್ತದೆ. ಆದರೆ ಅಷ್ಟು ದೊಡ್ಡದೆಂದರೆ ಸಾಮಾನ್ಯವಾಗಿ ಎಲೆಕ್ಟ್ರೋಲಿಟಿಕ್. ಅದು ಸೋರುತ್ತದೆ, ಅಳತೆ 20% ಆಚೀಚೆ ಇರುತ್ತದೆ, ವರ್ಷ ಕಳೆದಂತೆ ಒಣಗುತ್ತದೆ. ಇಲ್ಲಿ ವೋಲ್ಟೇಜ್ ಎರಡೂ ದಿಕ್ಕಿಗೆ ಹೋಗುವುದರಿಂದ ಪ್ಲಸ್ ಮೈನಸ್ ತೊಂದರೆ ಬೇರೆ. ನನ್ನ ಮಾತು ಕೇಳಿದರೆ ಫಿಲ್ಮ್ ಕೆಪಾಸಿಟರೇ ಹಾಕಿ.

ಮೊದಲ ಜೂನ್‌ನಲ್ಲಿ ಇನ್ನೊಂದು ಪಾಠ. ಮಳೆ ಹಿಡಿದ ವಾರದಲ್ಲೇ ಬ್ಲಾಕ್ ಒಂದೂವರೆ ಡಿಗ್ರಿಯಷ್ಟು ಮೇಲೆ ನಿಲ್ಲತೊಡಗಿತು. ಬಿಸಿಲು ಬಂದ ದಿನ ಸರಿಯಾಗುತ್ತಿತ್ತು. ಬೋರ್ಡ್ ಮೇಲೆ ಉಳಿದಿದ್ದ ಬೆಸುಗೆಯ ಫ್ಲಕ್ಸ್ ತೇವ ಹೀರಿ, ಪಕ್ಕದ +15 ವೋಲ್ಟ್ ಪಟ್ಟಿಯಿಂದ ಐ ಹಂತದ ಇನ್‌ಪುಟ್‌ಗೆ ಕರೆಂಟ್ ಬಿಡುತ್ತಿತ್ತು. ಆ ದಾರಿ ಒಂದು ಗಿಗಾ ಓಮ್ ಇದ್ದರೂ 15 ನ್ಯಾನೋ ಆಂಪಿಯರ್ ಆಯಿತು, ಅಷ್ಟೇ ಸಾಕು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸಿದೆ. ಆ ಇನ್‌ಪುಟ್ ಸುತ್ತ ಗ್ರೌಂಡ್‌ಗೆ ಸೇರಿಸಿದ ತಾಮ್ರದ ತಂತಿಯ ಉಂಗುರ ಬೆಸುಗೆ ಹಾಕಿದೆ. ಈಗ ಸೋರಿದ್ದೆಲ್ಲ ಗ್ರೌಂಡ್‌ಗೆ ಹೋಗುತ್ತದೆ.

ಒಂದು ಕೊರತೆ ಇನ್ನೂ ಇದೆ. ತಣ್ಣಗಿರುವಾಗ ಆನ್ ಮಾಡಿದರೆ ಐ ಕೆಪಾಸಿಟರ್ ಒಂದೂವರೆ ನಿಮಿಷದೊಳಗೆ ಪೂರ್ತಿ ತುಂಬಿಬಿಡುತ್ತದೆ. ಬಿಸಿ ಹಿಡಿದಿಡಲು ಅಲ್ಲಿ ಬೇಕಾದದ್ದು ಬರೀ 0.3 ವೋಲ್ಟ್. ಹೆಚ್ಚಾದದ್ದು ಇಳಿಯುವವರೆಗೆ ಬ್ಲಾಕ್ ಸುಡುತ್ತಲೇ ಇರುತ್ತದೆ. ಅದಕ್ಕೆ ಕೆಪಾಸಿಟರ್‌ಗೆ ಅಡ್ಡವಾಗಿ 1 ಕಿಲೋ ಓಮ್ ಜೊತೆ ಒಂದು ಸ್ವಿಚ್ ಇಟ್ಟಿದ್ದೇನೆ. ಆನ್ ಮಾಡುವಾಗ ಅದು ಮುಚ್ಚಿರುತ್ತದೆ, ಕೆಪಾಸಿಟರ್ ತುಂಬಲು ಬಿಡುವುದಿಲ್ಲ. 57 ಡಿಗ್ರಿ ದಾಟಿದ ಮೇಲೆ ಕೈಯಾರೆ ತೆರೆಯುತ್ತೇನೆ. ಮರೆಯುವವರಿಗೆ, ಅಥವಾ ದಿನಕ್ಕೊಂದು ಬ್ಲಾಕ್ ಬದಲಿಸುವವರಿಗೆ ಈ ಬೋರ್ಡ್ ಬೇಡ. ಬ್ಲಾಕ್ ಬದಲಾದರೆ ಅಳತೆ, ಬೆಸುಗೆ ಎಲ್ಲ ಮತ್ತೆ ಮೊದಲಿಂದ.

ನನ್ನ ಬ್ಲಾಕ್ ಒಂದೇ. ನಿನ್ನೆ ಜೋರು ಮಳೆಯಲ್ಲಿ ಎರರ್ ಅಳೆದೆ. 4 ಮಿಲಿವೋಲ್ಟ್ ಇತ್ತು.