ಚಾಟ್‌ಬಾಟ್ ಉತ್ತರಕ್ಕೆ ಅಂಕ ಹಾಕುವ ಮೂರು ವಿಧಾನ: ಉದ್ದಕ್ಕೆ ಮರುಳಾಗದ ತೀರ್ಪುಗಾರ ಯಾವುದು?

ಕೊಡಗಿನ ಕಾಫಿ, ಕಾಳುಮೆಣಸು ಬೆಳೆಗಾರರ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸುವ ಚಾಟ್‌ಬಾಟ್‌ನ ಎರಡು ಆವೃತ್ತಿಗಳಿವೆ, ಯಾವುದು ಮೇಲು ಎಂದು ತಿಳಿಯಬೇಕು ಎಂದುಕೊಳ್ಳಿ. ಪ್ರಶ್ನೆಗಳು ಇನ್ನೂರಾದರೆ ಓದಬೇಕಾದ ಉತ್ತರಗಳು ನಾನೂರು. ತೋಟದ ವಿಷಯ ಬಲ್ಲವರನ್ನು ಅಷ್ಟಕ್ಕೂ ಕೂರಿಸುವುದು ಕಷ್ಟ. ಅದಕ್ಕೇ ಇನ್ನೊಂದು ಮಾಡೆಲ್ ಅನ್ನು ತೀರ್ಪುಗಾರನಾಗಿ ಇಡುತ್ತಾರೆ. ಇಲ್ಲಿ ಹೋಲಿಸಿರುವುದು ಹಾಗೆ ಇಡುವ ಮೂರು ವಿಧಾನಗಳನ್ನು. ಮೂರಕ್ಕೂ ಕೊಟ್ಟದ್ದು ಒಂದೇ ಪ್ರಶ್ನೆ, ಒಂದೇ ಜೋಡಿ ಉತ್ತರ.

ಪ್ರಶ್ನೆ ಇದು: ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ 100 ಲೀಟರ್ ತಯಾರಿಸುವುದು ಹೇಗೆ? ಪರೀಕ್ಷೆಗೆಂದೇ ಎರಡು ಉತ್ತರ ಕಟ್ಟಿದ್ದಾಯಿತು. ಮೊದಲನೆಯದು ನಾಲ್ಕೇ ವಾಕ್ಯ: 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಪ್ಲಾಸ್ಟಿಕ್ ಡ್ರಮ್ ಬಳಸಿ. ಹೊಳೆಯುವ ಚಾಕುವನ್ನು ಅದ್ದಿದಾಗ ತಾಮ್ರದ ಕಂದು ಲೇಪ ಬಂದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಎರಡನೆಯದು ಅದರ ನಾಲ್ಕು ಪಟ್ಟು ಉದ್ದ. ರೋಗದ ಪರಿಚಯ, ಉಪಶೀರ್ಷಿಕೆ, ದಪ್ಪಕ್ಷರ, ಕೈಗವಸು ಹಾಕಿಕೊಳ್ಳುವ ಸಲಹೆ ಎಲ್ಲವೂ ಇವೆ. ಪ್ರಮಾಣ ಸರಿ, ಚಾಕು ಪರೀಕ್ಷೆ ಸರಿ, ತಯಾರಿಸಿದ ದಿನವೇ ಸಿಂಪಡಿಸಬೇಕೆಂಬ ಮಾತೂ ಸರಿ. ಆದರೆ ಸುಣ್ಣದ ನೀರನ್ನು ತುತ್ತದ ನೀರಿಗೆ ಸುರಿಯಲು ಹೇಳುತ್ತದೆ, ಕಬ್ಬಿಣದ ಡ್ರಮ್ ಆದೀತು ಎನ್ನುತ್ತದೆ. ಹೀಗೆ ಮಾಡಿದರೆ ದ್ರಾವಣದ ಕಣ ಒರಟಾಗಿ ಬೇಗ ತಳ ಸೇರುತ್ತದೆ, ಡ್ರಮ್‌ನ ಕಬ್ಬಿಣಕ್ಕೆ ತಾಮ್ರ ಹಿಡಿಯುತ್ತದೆ.

ಒಂಟಿ ಅಂಕ. ಒಂದು ಉತ್ತರ ತೋರಿಸಿ ಹತ್ತಕ್ಕೆ ಎಷ್ಟು ಎಂದು ಕೇಳುವುದು. ಖರ್ಚು ಕಡಿಮೆ, ಮೋಸವೂ ಇಲ್ಲೇ ಹೆಚ್ಚು. ಉದ್ದ ಉತ್ತರವೇ ಮುಂದೆ ಬಂತು. ಕಾರಣ ಕೇಳಿದರೆ 'ಸಮಗ್ರವಾಗಿದೆ' ಎಂಬ ಮಾತು, ಸುರಿಯುವ ಕ್ರಮದ ಸೊಲ್ಲೇ ಇಲ್ಲ. ತಪ್ಪಿನಲ್ಲಿ ಅರ್ಧ ಪಾಲು ಕೇಳುವವರದೇ. ಚಾಟ್‌ಬಾಟ್‌ಗಳನ್ನು ಅಳೆಯಲು 2023ರಲ್ಲಿ ಬಂದ ಎಂಟಿ-ಬೆಂಚ್ ಎಂಬ ಪರೀಕ್ಷೆಯ ಒಂಟಿ ಅಂಕದ ಸೂಚನೆಯಲ್ಲಿ ನಿಖರತೆಯ ಜೊತೆಗೆ ಆಳ ಮತ್ತು ವಿವರದ ಮಟ್ಟವೂ ಮಾನದಂಡ. ಅದನ್ನೇ ನಕಲು ಮಾಡಿಕೊಂಡವರು ಉದ್ದಕ್ಕೆ ಅಂಕ ಕೊಡು ಎಂದು ತಾವೇ ಹೇಳಿದಂತೆ. ಉಳಿದರ್ಧ ಮಾಡೆಲ್‌ನ ತರಬೇತಿಯಿಂದ ಬಂದದ್ದು: ಯಾವ ಉತ್ತರ ಇಷ್ಟ ಎಂದು ಮನುಷ್ಯರನ್ನು ಕೇಳಿ ಕಲಿಸುವಾಗ ಅವರೂ ಹೆಚ್ಚಾಗಿ ಉದ್ದದ್ದನ್ನೇ ಆರಿಸಿರುತ್ತಾರೆ.

ಜೋಡಿ ಹೋಲಿಕೆ. ಎರಡೂ ಉತ್ತರ ಒಟ್ಟಿಗೆ ಕೊಟ್ಟು ಯಾವುದು ಮೇಲು ಎಂದು ಕೇಳುವುದು. ಮೊದಲು ಓದಿದ್ದರ ಕಡೆಗೆ ವಾಲುವ ದೋಷವೂ ತೀರ್ಪುಗಾರ ಮಾಡೆಲ್‌ಗಳಿಗಿದೆ. ಅದಕ್ಕಾಗಿ ಒಮ್ಮೆ ಚಿಕ್ಕದ್ದನ್ನು ಮೊದಲು, ಇನ್ನೊಮ್ಮೆ ದೊಡ್ಡದ್ದನ್ನು ಮೊದಲು ಇಟ್ಟು ಎರಡು ಸಲ ಕೇಳಬೇಕು, ಎರಡೂ ಸಲ ಗೆದ್ದದ್ದಕ್ಕೆ ಮಾತ್ರ ಗೆಲುವು. ಇಲ್ಲಿ ಬಹಳ ಜನ ಎಡವುತ್ತಾರೆ. ಅದಲುಬದಲು ಮಾಡಿದಾಗ ಹೋಗುವುದು ಸ್ಥಾನದ ಪಕ್ಷಪಾತ ಮಾತ್ರ. ಉದ್ದಕ್ಕೆ ವಾಲುವ ಮಾಡೆಲ್ ಎರಡೂ ಸಲ ಉದ್ದದ್ದನ್ನೇ ಆರಿಸುತ್ತದೆ. ತೀರ್ಪು ಸ್ಥಿರವಾಗಿ ಕಾಣುವುದರಿಂದ ನಂಬಿಕೆ ಇನ್ನೂ ಹೆಚ್ಚುತ್ತದೆ. ನಮ್ಮ ಜೋಡಿಯಲ್ಲಿ ಆದದ್ದೂ ಇದೇ. 'ಉತ್ತರದ ಉದ್ದ ನಿನ್ನ ತೀರ್ಪಿನ ಮೇಲೆ ಪರಿಣಾಮ ಬೀರದಿರಲಿ' ಎಂಬ ಸಾಲು ಎಂಟಿ-ಬೆಂಚ್‌ನ ಜೋಡಿ ಸೂಚನೆಯಲ್ಲೇ ಇದೆ, ಆದರೆ ಅಷ್ಟರಿಂದ ಕೆಲಸ ಆಗುವುದಿಲ್ಲ. ಅದೇ ಅಧ್ಯಯನದಲ್ಲಿ 23 ಪಟ್ಟಿರೂಪದ ಉತ್ತರಗಳನ್ನು, ಹೊಸ ಮಾಹಿತಿ ಸೇರಿಸದೆ, ಅದೇ ಅಂಶಗಳನ್ನು ಬೇರೆ ಮಾತಿನಲ್ಲಿ ಮತ್ತೆ ಬರೆದು ಉದ್ದ ಮಾಡಿದ್ದರು. ಆಗಿನ ಕ್ಲಾಡ್-ವಿ1 ಮತ್ತು ಜಿಪಿಟಿ-3.5 ಶೇ. 91.3ರಷ್ಟು ಸಲ ಮೋಸಹೋದವು, ಜಿಪಿಟಿ-4 ಶೇ. 8.7ರಷ್ಟು ಸಲ. ಅಂದರೆ ತೀರ್ಪುಗಾರನ ಆಯ್ಕೆಯೂ ಮುಖ್ಯ.

ಜೋಡಿ ಹೋಲಿಕೆಯ ಫಲಿತಾಂಶವನ್ನು ಆಮೇಲೆ ಲೆಕ್ಕದಿಂದ ಸರಿಪಡಿಸಲು ದಾರಿಯುಂಟು. ಜೋಡಿ ಹೋಲಿಕೆಯಿಂದ ಮಾಡೆಲ್‌ಗಳನ್ನು ಅಳೆಯುವ ಅಲ್ಪಾಕಾಇವಾಲ್ ಪರೀಕ್ಷೆಯ ತಂಡ 2024ರಲ್ಲಿ ಮಾಡಿದ್ದು ಅದನ್ನೇ. ಒಂದೇ ಮಾಡೆಲ್‌ಗೆ ಚುಟುಕಾಗಿ ಅಥವಾ ವಿಸ್ತಾರವಾಗಿ ಬರೆ ಎಂದಷ್ಟೇ ಹೇಳಿದರೂ ಅದರ ಗೆಲುವಿನ ಪ್ರಮಾಣ ಶೇ. 22.9ರಿಂದ 64.3ರವರೆಗೆ ಓಡಾಡುತ್ತಿತ್ತು, ಉದ್ದದ ಪಾಲನ್ನು ಕಳೆದ ಮೇಲೆ ಅದು 41.9ರಿಂದ 51.6ರ ನಡುವೆ ನಿಂತಿತು. ತಿರುಳು ಇಷ್ಟೇ: ಎರಡೂ ಉತ್ತರ ಒಂದೇ ಉದ್ದ ಇದ್ದಿದ್ದರೆ ಗೆಲುವು ಎಷ್ಟಿರುತ್ತಿತ್ತು ಎಂದು ಅಂದಾಜಿಸುವುದು. ಅದರ ಸರಳ ರೂಪ ಹೀಗೆ:

```python
import numpy as np
from sklearn.linear_model import LogisticRegression
# pairs: (A, B) ಉತ್ತರಗಳು; y: A ಗೆದ್ದರೆ 1, ಸೋತರೆ 0
d = np.array([len(a) - len(b) for a, b in pairs])
x = np.tanh(d / d.std()).reshape(-1, 1)
m = LogisticRegression().fit(x, y)
print(1 / (1 + np.exp(-m.intercept_[0])))
```

ಇಲ್ಲಿ ಉದ್ದವನ್ನು ಅಕ್ಷರಗಳಲ್ಲೇ ಅಳೆಯಿರಿ, ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳಾದ ಟೋಕನ್‌ಗಳಲ್ಲಿ ಬೇಡ. ಕನ್ನಡ ಪದ ಹಲವು ಟೋಕನ್‌ಗಳಾಗಿ ಒಡೆಯುತ್ತದೆ, ಇಂಗ್ಲಿಷ್ ಪದ ಕೆಲವೇ ಟೋಕನ್‌ಗಳಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಬೆರೆಸುವ ಆವೃತ್ತಿ ಸುಳ್ಳುಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಈ ಲೆಕ್ಕಕ್ಕೆ ಒಂದು ಮಿತಿಯಿದೆ. A ಪ್ರತಿ ಸಲವೂ ಉದ್ದವಾಗಿದ್ದರೆ ಉದ್ದವನ್ನೂ ಗುಣವನ್ನೂ ಬೇರ್ಪಡಿಸಲು ಆಧಾರವೇ ಉಳಿಯುವುದಿಲ್ಲ. ಕೆಲವು ಜೋಡಿಗಳಲ್ಲಾದರೂ B ಉದ್ದವಿರಬೇಕು. ಇನ್ನೊಂದು ಮಾತು: ಈ ಲೆಕ್ಕ ಒಟ್ಟಾರೆ ಗೆಲುವನ್ನು ಸರಿಪಡಿಸುತ್ತದೆಯೇ ಹೊರತು ಕಬ್ಬಿಣದ ಡ್ರಮ್ ಅನ್ನು ಹಿಡಿದುಕೊಡುವುದಿಲ್ಲ.

ಅಂಶಪಟ್ಟಿ. ತೋಟದ ಪ್ರಶ್ನೆಗಳಿಗೆ ನಮ್ಮ ಆಯ್ಕೆ ಇದೇ. ಪ್ರತಿ ಪ್ರಶ್ನೆಗೂ ಉತ್ತರದಲ್ಲಿ ಇರಲೇಬೇಕಾದ ಅಂಶಗಳನ್ನು ಬೆಳೆ ಬಲ್ಲವರಿಂದ ಮೊದಲೇ ಬರೆಸಬೇಕು. ಬೋರ್ಡೋಗೆ ಐದು: ಪ್ರಮಾಣ, ಸುರಿಯುವ ಕ್ರಮ, ಪಾತ್ರೆ, ಚಾಕು ಪರೀಕ್ಷೆ, ಅಂದೇ ಬಳಕೆ. ತೀರ್ಪುಗಾರನನ್ನು ಅಂಕ ಕೇಳಬಾರದು. ಒಂದೊಂದು ಅಂಶಕ್ಕೂ 'ಇದೆ', 'ಇಲ್ಲ', 'ತಪ್ಪಾಗಿದೆ' ಎಂಬ ಮೂರರಲ್ಲಿ ಒಂದನ್ನು ಆರಿಸಿ, 'ಇದೆ' ಅಥವಾ 'ತಪ್ಪಾಗಿದೆ' ಎಂದಾಗ ಉತ್ತರದಿಂದಲೇ ಆ ವಾಕ್ಯವನ್ನು ಇದ್ದಹಾಗೇ ಎತ್ತಿ ತೋರಿಸಲು ಹೇಳಬೇಕು. ಕೂಡುವುದು ನಮ್ಮ ಕೆಲಸ: 1, 0, −1.

ಹೀಗೆ ನೋಡಿದರೆ ಚಿಕ್ಕ ಉತ್ತರದಲ್ಲಿ ನಾಲ್ಕು 'ಇದೆ', ಒಂದು 'ಇಲ್ಲ', ಒಟ್ಟು 4. ಉದ್ದದ್ದರಲ್ಲಿ ಮೂರು 'ಇದೆ', ಎರಡು 'ತಪ್ಪಾಗಿದೆ', ಒಟ್ಟು 1. ರೋಗದ ಪರಿಚಯಕ್ಕೂ ದಪ್ಪಕ್ಷರಕ್ಕೂ ಅಂಕ ಬೀಳಲು ಜಾಗವೇ ಇಲ್ಲ. 'ತಪ್ಪಾಗಿದೆ' ಎಂಬ ಮೂರನೇ ಆಯ್ಕೆಯನ್ನು ಬಿಟ್ಟರೆ ಈ ವಿಧಾನವೂ ದುರ್ಬಲವಾಗುತ್ತದೆ: 4ಕ್ಕೆ 3, ಬರೀ ಒಂದಂಕದ ಅಂತರ. ಉದ್ದ ಬರೆದಷ್ಟೂ ಯಾವುದಾದರೂ ಅಂಶ ತಾಗುವ ಸಂಭವ ಹೆಚ್ಚು, ತಪ್ಪಿಗೆ ದಂಡವಿಲ್ಲದಿದ್ದರೆ ಎಲ್ಲವನ್ನೂ ಹೇಳಿಬಿಡುವುದೇ ಲಾಭ. ಎತ್ತಿ ತೋರಿಸಿದ ವಾಕ್ಯ ಉತ್ತರದಲ್ಲಿ ನಿಜವಾಗಿ ಇದೆಯೇ ಎಂದು ಪ್ರೋಗ್ರಾಂನಿಂದಲೇ ಹುಡುಕಿಸಿ. ಇಲ್ಲದಿದ್ದರೆ ಆ ತೀರ್ಪನ್ನು ಕೈಬಿಟ್ಟು ಮತ್ತೆ ಕೇಳಬೇಕು.

ಪಟ್ಟಿ ಬರೆಯುವುದೇ ಇಲ್ಲಿನ ದೊಡ್ಡ ಶ್ರಮ. ಮಾಹಿತಿ ಸಿಗದ ಊರೇನಲ್ಲ ನಮ್ಮದು: ಕಾಫಿಗೆ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರವಿದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಂಶಗಳನ್ನು ಇಂಥ ಕಡೆಯ ಶಿಫಾರಸಿನಿಂದ ತೆಗೆಯಿರಿ, ತೀರ್ಪುಗಾರ ಮಾಡೆಲ್‌ನಿಂದಲೇ ಬರೆಸಬೇಡಿ; ಅದಕ್ಕೆ ಸುರಿಯುವ ಕ್ರಮ ಗೊತ್ತಿಲ್ಲದಿದ್ದರೆ ಪಟ್ಟಿಯೂ ತಪ್ಪುತ್ತದೆ.

ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಕಿತ್ತು ರೊಬಸ್ಟಾ ಹಾಕಲೇ ಎಂಬಂಥ ಪ್ರಶ್ನೆಗೆ ಮಾತ್ರ ಅಂಶಪಟ್ಟಿ ಒಗ್ಗುವುದಿಲ್ಲ. ನೆರಳು, ನೀರು, ಎತ್ತರ, ಕೂಲಿ ನೋಡಿ ಉತ್ತರ ಬದಲಾಗುತ್ತದೆ. ಅಲ್ಲಿ ಅದಲುಬದಲು ಮಾಡಿದ ಜೋಡಿ ಹೋಲಿಕೆ, ಮೇಲೆ ಉದ್ದದ ಲೆಕ್ಕ, ಕೊನೆಗೆ ಒಂದಿಪ್ಪತ್ತು ಜೋಡಿಗಳನ್ನು ಬೆಳೆಗಾರರೇ ಓದಿ ತಾಳೆ ನೋಡುವುದು ಸರಿ.

ಯಾವ ವಿಧಾನ ಹಿಡಿದರೂ ಮೊದಲು ತೀರ್ಪುಗಾರನನ್ನೇ ಪರೀಕ್ಷಿಸಿ. ಸರಿಯಾದ ಇಪ್ಪತ್ತು ಚಿಕ್ಕ ಉತ್ತರ ತೆಗೆದುಕೊಂಡು, ಹೊಸ ಮಾಹಿತಿ ಒಂದನ್ನೂ ಸೇರಿಸದೆ, ಅದೇ ಮಾತನ್ನು ತಿರುಗಿಸಿ ಎರಡರಷ್ಟು ಉದ್ದ ಮಾಡಿ. ಮೂಲವನ್ನೂ ಹಿಗ್ಗಿಸಿದ್ದನ್ನೂ ಬೇರೆ ಬೇರೆಯಾಗಿ ಅಂಕಕ್ಕೆ ಕೊಡಿ. ಹಿಗ್ಗಿಸಿದ್ದಕ್ಕೆ ಮತ್ತೆಮತ್ತೆ ಹೆಚ್ಚು ಅಂಕ ಬಂದರೆ ಆ ಹೆಚ್ಚಳ ಬರೀ ಉದ್ದದ್ದು. ತೀರ್ಪುಗಾರ ಮಾಡೆಲ್‌ನ ಆವೃತ್ತಿ ಬದಲಾದಾಗೆಲ್ಲ, ಸೂಚನೆಯಲ್ಲಿ ಒಂದು ಸಾಲು ತಿದ್ದಿದಾಗಲೂ, ಈ ಇಪ್ಪತ್ತನ್ನು ಮತ್ತೆ ಓಡಿಸಿ ನೋಡಬೇಕು.